ತಿಪಟೂರಿನ ಕಾಯಿಪುಡಿ ಫ್ಯಾಕ್ಟರಿಯ ಮೂರು ನಿಮಿಷದ ಧನ್ಯವಾದ ಭಾಷಣ: ಒಂದು ಪ್ರಕರಣ

ತಿಪಟೂರು ತಾಲ್ಲೂಕಿನ ಒಂದು ಕಾಯಿಪುಡಿ ಫ್ಯಾಕ್ಟರಿಯವರು 2025ರ ದೀಪಾವಳಿ ಕಳೆದ ಮೇಲೆ ತಮಗೆ ಮಾಲು ಒದಗಿಸುವವರನ್ನೆಲ್ಲ ಕರೆದು ಊಟ ಹಾಕಿಸಬೇಕೆಂದುಕೊಂಡರು. ನಲವತ್ತು ಚಿಲ್ಲರೆ ಜನ. ಕಾಯಿ ವ್ಯಾಪಾರಿಗಳು, ಚಿಪ್ಪು ಬಿಡಿಸುವ ಗ್ಯಾಂಗಿನ ಮೇಸ್ತ್ರಿಗಳು, ಚೀಲ ಮಾಡಿಕೊಡುವವರು, ಲಾರಿ ಮಾಲೀಕರು, ಬಾಯ್ಲರ್ ರಿಪೇರಿಯವರು. ಮಾಲೀಕರು ಎದ್ದು ನಿಂತು ನಾಲ್ಕು ಮಾತು ಆಡಬೇಕು. ಆ ನಾಲ್ಕು ಮಾತು ಬರೆಯುವ ಕೆಲಸ ನನಗೆ ಬಂತು. ಆ ಫ್ಯಾಕ್ಟರಿಯ ಲೆಕ್ಕಪತ್ರ ನೋಡುವವನು ನಾನು. ಲೆಕ್ಕ ಬರೆಯುವವನಿಗೆ ಭಾಷಣವೂ ಬರುತ್ತದೆ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ.

ಮೊದಲು ಆ ವರ್ಷ ಯಾಕೆ ಕಷ್ಟದ್ದಾಯಿತು ಅನ್ನುವುದು ತಿಳಿದಿರಬೇಕು, ಇಲ್ಲದಿದ್ದರೆ ಯಾವುದಕ್ಕೆ ಧನ್ಯವಾದ ಅನ್ನುವುದೇ ಗೊತ್ತಾಗುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ತೆಂಗು ಬರದ ಪೆಟ್ಟನ್ನು ಅದೇ ವರ್ಷ ಪೂರ್ತಿ ತೋರಿಸುವುದಿಲ್ಲ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಒಂದು ವರ್ಷ ಬೇಕು. ಆ ಹೊಂಬಾಳೆ ಮರದೊಳಗೆ ಮೂಡಿದ್ದು ಅದಕ್ಕೂ ಎಷ್ಟೋ ತಿಂಗಳ ಹಿಂದೆ. ಹಾಗಾಗಿ ಹರಳು ಉದುರುವುದು, ಕಾಯಿ ಸಣ್ಣದಾಗುವುದು ಮುಂದಿನ ಎರಡು ವರ್ಷದವರೆಗೂ ಕಾಣುತ್ತದೆ. ಅದರ ಜೊತೆಗೆ ಬಿಳಿ ನೊಣ, ಕಪ್ಪು ತಲೆ ಹುಳು.

ಇದ್ದ ಕಾಯಿಯೂ ಪುಡಿ ಫ್ಯಾಕ್ಟರಿಗೆ ಸಿಗಲಿಲ್ಲ. ಎಳನೀರಿಗೆ ಬೆಲೆ ಬಂದರೆ ರೈತ ಕಾಯಿ ಬಲಿಯುವುದಕ್ಕೇ ಬಿಡುವುದಿಲ್ಲ. ಕೊಬ್ಬರಿಗೆ ಬೆಲೆ ಬಂದರೆ ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾನೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು, ಆ ವರ್ಷದ ಆರಂಭದಲ್ಲಿ ಮಾರುಕಟ್ಟೆಯಲ್ಲಿ ಅಷ್ಟೂ ಸಿಗದೆ ರೈತರು ಬೀದಿಗಿಳಿದಿದ್ದರು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಅದೇ ಕೊಬ್ಬರಿ 20,000 ದಾಟಿತು. ರೈತರಿಗೆ ಒಳ್ಳೆಯದೇ ಆಯಿತು, ಅದಕ್ಕೆ ಹೊಟ್ಟೆ ಉರಿದುಕೊಳ್ಳುವಂಥದ್ದೇನಿಲ್ಲ. ಆದರೆ ಎಳನೀರಿಗೂ ಅಟ್ಟಕ್ಕೂ ನಡುವೆ ಸಿಕ್ಕಿಕೊಂಡದ್ದು ಹಸಿ ಕಾಯಿ ಕೊಂಡು ಪುಡಿ ಮಾಡುವವರು. ಅದೂ ಶ್ರಾವಣದಿಂದ ದೀಪಾವಳಿವರೆಗೆ, ಮಿಠಾಯಿಯವರು, ಬಿಸ್ಕತ್ತಿನವರು ದಿನಕ್ಕೆ ಎರಡು ಸಲ ಫೋನ್ ಮಾಡುವ ಕಾಲದಲ್ಲಿ.

ಈ ಉದ್ಯಮದಲ್ಲಿ ಇನ್ನೊಂದು ತೊಡಕಿದೆ. ಚಿಪ್ಪು ಬಿಡಿಸಿದ ಮೇಲೆ ಕಾಯಿ ಕಾಯುವುದಿಲ್ಲ. ಕಂದು ಸಿಪ್ಪೆ ಹೆರೆದು, ತೊಳೆದು, ಬಿಸಿ ನೀರು ಹಾಯಿಸಿ, ರುಬ್ಬಿ, ತೇವ ನೂರಕ್ಕೆ ಮೂರಕ್ಕಿಂತ ಕೆಳಗೆ ಬರುವವರೆಗೆ ಒಣಗಿಸಿ, ಜರಡಿ ಹಿಡಿದು, ಒಳಗೆ ಪ್ಲಾಸ್ಟಿಕ್ ಪದರ ಇರುವ 25 ಕಿಲೋ ಕಾಗದದ ಚೀಲಕ್ಕೆ ತುಂಬುವವರೆಗೆ ನಿಲ್ಲಿಸುವ ಹಾಗಿಲ್ಲ. ನಡುವೆ ನಿಂತರೆ ಹುಳಿ ವಾಸನೆ, ಹಳದಿ ಬಣ್ಣ. ಹಾಗಾಗಿ ಕಾಯಿ ಇದ್ದು ಗ್ಯಾಂಗು ಬರದಿದ್ದರೂ ನಷ್ಟ, ಗ್ಯಾಂಗು ಬಂದು ಕಾಯಿ ಬರದಿದ್ದರೂ ನಷ್ಟ, ಎರಡೂ ಇದ್ದು ಚೀಲ ಇಲ್ಲದಿದ್ದರೂ ನಷ್ಟ. ಇಲ್ಲಿ ‘ನಂಬಿಕಸ್ತ’ ಅಂದರೆ ಬೆಲೆ ಕಡಿಮೆ ಹಾಕಿದವನಲ್ಲ, ಹೇಳಿದ ದಿನ ಬಂದವನು.

ಮಾಲೀಕರ ಮಗ ಆಗಲೇ ಒಂದು ಕರಡು ಬರೆದಿಟ್ಟಿದ್ದ. ‘ನಮ್ಮ ಸಂಸ್ಥೆಯ ಅಭಿವೃದ್ಧಿಯಲ್ಲಿ ತಮ್ಮೆಲ್ಲರ ಸಹಕಾರ ಅವಿಸ್ಮರಣೀಯ’ ಅಂತ ಶುರು. ‘ತಾವೆಲ್ಲರೂ ನಮ್ಮ ಕುಟುಂಬದ ಸದಸ್ಯರಿದ್ದಂತೆ’ ಅಂತ ನಡು. ‘ತುರುವೇಕೆರೆಯ ಅಣ್ಣನವರಂತೂ ತಮಗೆ ನಷ್ಟವಾದರೂ ಲೆಕ್ಕಿಸದೆ ಹಳೇ ದರಕ್ಕೇ ಕಾಯಿ ಕೊಟ್ಟರು’ ಅಂತ ಒಂದು ಹೊಗಳಿಕೆ. ‘ಮುಂದಿನ ವರ್ಷವೂ ಇದೇ ಸಹಕಾರ ಇರಲಿ’ ಅಂತ ಮುಕ್ತಾಯ. ಕನ್ನಡ ತಪ್ಪಿರಲಿಲ್ಲ. ಆದರೆ ಈ ಕಾಗದವನ್ನು ಯಾವ ಊರಿನ ಯಾವ ಫ್ಯಾಕ್ಟರಿಯಲ್ಲಿ ಓದಿದರೂ ನಡೆಯುತ್ತಿತ್ತು, ಆ ಒಂದು ತುರುವೇಕೆರೆ ಸಾಲನ್ನು ಬಿಟ್ಟು.

ಆ ಸಾಲೇ ಅಪಾಯದ್ದು. ಸಭೆಯಲ್ಲಿ ಬೇರೆ ಫ್ಯಾಕ್ಟರಿಗಳಿಗೂ ಕಾಯಿ ಕೊಡುವ ವ್ಯಾಪಾರಿಗಳು ಕೂತಿರುತ್ತಾರೆ. ‘ಹಳೇ ದರಕ್ಕೆ ಕೊಟ್ಟರು’ ಅನ್ನುವ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ಮಾರನೇ ದಿನ ಇನ್ನೊಬ್ಬ ಮಾಲೀಕ ಅದೇ ವ್ಯಾಪಾರಿಗೆ ಫೋನ್ ಮಾಡಿ ‘ಅವರಿಗಾದರೆ ನಮಗೂ ಆಗಬೇಕಲ್ಲ’ ಅನ್ನುತ್ತಾನೆ. ಅದಕ್ಕಿಂತ ಕೆಟ್ಟದ್ದು, ಆ ವ್ಯಾಪಾರಿಗೆ ತೋಟದ ಕಾಯಿ ಕೊಟ್ಟ ರೈತ ಕೇಳಿಸಿಕೊಂಡರೆ ‘ಫ್ಯಾಕ್ಟರಿಗೆ ಅಗ್ಗಕ್ಕೆ ಕೊಡೋಕೆ ನಮ್ಮ ಹತ್ರ ಕಡಿಮೆಗೆ ಎತ್ತಿದನೋ’ ಅಂದುಕೊಳ್ಳುತ್ತಾನೆ. ಹೊಗಳಿಸಿಕೊಂಡವನು ವ್ಯಾಪಾರ ಕಳೆದುಕೊಳ್ಳುತ್ತಾನೆ. ಆದ್ದರಿಂದ ಸರಬರಾಜುದಾರರ ಸಭೆಯಲ್ಲಿ ಬೆಲೆಯ ಮಾತು ಎತ್ತಲೇಬಾರದು. ದಿನದ ಮಾತು ಎತ್ತಬಹುದು. ಸಮಯಕ್ಕೆ ಬಂದನೆಂದು ಹೊಗಳಿದರೆ ಯಾರ ವ್ಯಾಪಾರವೂ ಕೆಡುವುದಿಲ್ಲ.

‘ಕುಟುಂಬ’ದ ಮಾತು ನನಗೆ ಹಿಡಿಸುವುದಿಲ್ಲ. ಕುಟುಂಬದವರಿಗೆ ಯಾರೂ ಬಿಲ್ಲು ಬಾಕಿ ಇಡುವುದಿಲ್ಲ. ಮುಂದಿನ ವರ್ಷವೂ ಸಹಕಾರ ಇರಲಿ ಅಂದ ಕೂಡಲೇ ಧನ್ಯವಾದ ಹೋಗಿ ಬೇಡಿಕೆಯಾಗುತ್ತದೆ, ಕೇಳುವವರು ಶಾಲನ್ನು ಮುಂಗಡ ಅಂತ ಓದಿಕೊಳ್ಳುತ್ತಾರೆ.

ಬಾಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬರೆಯಲು ಕೂರುವ ಮೊದಲು ನಾನು ತೆಗೆದದ್ದು ಖಾತೆ ಪುಸ್ತಕ. ಅಂತರಸನಹಳ್ಳಿಯ ಚೀಲದವರ ಒಂದು ಬಿಲ್ಲು 45 ದಿನ ದಾಟಿತ್ತು. ಅವರು ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರು. 2006ರ ಎಂಎಸ್‌ಎಂಇ ಕಾಯ್ದೆಯ 15ನೇ ಕಲಮಿನ ಪ್ರಕಾರ ಇಂಥವರಿಗೆ ಒಪ್ಪಂದದ ಗಡುವಿನೊಳಗೆ, ಅದೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ಕಳೆಯಲು ಬರುತ್ತದೆ ಅಂತ ಆಗಿನ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಸೇರಿಸಿದ್ದರು. ಕಾಯಿ ವ್ಯಾಪಾರಿಗಳು ಬರೀ ಕೊಂಡು ಮಾರುವವರಾದ್ದರಿಂದ ಅವರಿಗೆ ಈ ರಕ್ಷಣೆ ಸಿಗುವುದಿಲ್ಲ, ಅವರ ಬಾಕಿ ಬರೀ ಮಾತಿನ ಮೇಲೆ ನಿಂತಿರುತ್ತದೆ.

ಇದನ್ನು ಹೇಳಿದಾಗ ಮಾಲೀಕರು ‘ಹಂಗಾದ್ರೆ ಚೆಕ್ಕು ಸ್ಟೇಜ್ ಮೇಲೇ ಕೊಟ್ಬಿಡೋಣ, ಚೆನ್ನಾಗಿರುತ್ತೆ’ ಅಂದರು.

‘ಬೇಡಿ ಅಣ್ಣ. ಅದು ಅವರ ದುಡ್ಡು. ಅವರ ದುಡ್ಡನ್ನೇ ಹಾರ ಹಾಕಿ ಕೊಟ್ಟರೆ ಅವರು ನಗಬೇಕೋ ಅಳಬೇಕೋ?’ ಅಂದೆ.

ಸಭೆಗೆ ಒಂದು ವಾರ ಮುಂಚೆ ಎಲ್ಲರ ಬಾಕಿಯೂ ಬ್ಯಾಂಕಿನ ಮೂಲಕ ಹೋಯಿತು. ಭಾಷಣದಲ್ಲಿ ಅದರ ಸೊಲ್ಲೂ ಇಲ್ಲ. ಹಣ ಬಾಕಿ ಇರುವಾಗ ಎಂಥ ಭಾಷಣ ಬರೆದರೂ ಕೇಳುವವನ ಕಿವಿಯಲ್ಲಿ ಮೊತ್ತ ಒಂದೇ ಗುನುಗುತ್ತಿರುತ್ತದೆ.

ಇನ್ನು ಯಾರನ್ನು ಯಾವುದಕ್ಕೆ ನೆನೆಯಬೇಕು ಅನ್ನುವುದು. ಮಾಲೀಕರ ನೆನಪಿನಲ್ಲಿ ಮೊದಲು ನಿಂತವರು ತುರುವೇಕೆರೆಯವರೇ. ಶ್ರಾವಣದಲ್ಲಿ ಪುಣೆಯ ಮಿಠಾಯಿ ಅಂಗಡಿಗೆ ಮಾಲು ಹೋಗಬೇಕಾದ ಹಿಂದಿನ ರಾತ್ರಿ, ಹನ್ನೊಂದೂವರೆಗೆ, ಮಳೆಯಲ್ಲಿ ತಾವೇ ಲಾರಿಯಲ್ಲಿ ಕೂತು ಕಾಯಿ ತಂದಿದ್ದರು. ಯಾರಿಗಾದರೂ ನೆನಪುಳಿಯುವ ಘಟನೆ. ಆದರೂ ನಾನು ಎರಡು ಕಡೆಯಿಂದ ದಿನಾಂಕ ತೆಗೆದೆ. ಲೋಡು ಯಾವ ದಿನ ಬಂತು ಅನ್ನುವುದು ವಾಚ್‌ಮನ್ ಬರೆಯುವ ಗೇಟ್ ಪುಸ್ತಕದಲ್ಲಿ, ವೇಬ್ರಿಡ್ಜ್ ಚೀಟಿಯಲ್ಲಿ ಇರುತ್ತದೆ. ಯಾವ ದಿನ ಕೊಡುತ್ತೇನೆ ಅಂದಿದ್ದರು ಅನ್ನುವುದು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಮಾಲೀಕರ ವಾಟ್ಸಾಪ್‌ನಲ್ಲಿ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಬರೆದಾಗ ಚಿತ್ರ ಬದಲಾಯಿತು. ತುರುವೇಕೆರೆಯವರ ಅದಕ್ಕೂ ಹಿಂದಿನ ಎರಡು ಲೋಡು ತಡವಾಗಿದ್ದವು, ಒಂದು ನಾಲ್ಕು ದಿನ, ಇನ್ನೊಂದು ಒಂದು ವಾರ. ಆ ರಾತ್ರಿಯ ಪರದಾಟ ಹುಟ್ಟಿದ್ದೇ ಆ ತಡದಿಂದ.

ಹುಳಿಯಾರಿನವರ ಲೆಕ್ಕ ಬೇರೆ ಥರ ಇತ್ತು. ಅವರು ಕೇಳಿದಷ್ಟು ಕಾಯಿ ಯಾವಾಗಲೂ ಕೊಟ್ಟಿರಲಿಲ್ಲ. ಆದರೆ ಹೇಳಿದ ದಿನ ತಪ್ಪಿಸಿರಲಿಲ್ಲ. ಎರಡು ಸಲ ಮೂರು ದಿನ ಮುಂಚೆಯೇ ‘ಈ ವಾರ ಪೂರ್ತಿ ಲೋಡು ಆಗಲ್ಲ, ಅರ್ಧ ಬರುತ್ತೆ’ ಅಂತ ಸಂದೇಶ ಹಾಕಿದ್ದರು. ಆಗ ಮಾಲೀಕರಿಗೆ ಸಿಟ್ಟು ಬಂದಿತ್ತಂತೆ. ಆದರೆ ಆ ಸಂದೇಶ ನೋಡಿಯೇ ಅವರು ಗ್ಯಾಂಗಿಗೆ ಅರ್ಧ ಜನ ಸಾಕು ಅಂತ ಹೇಳಿದ್ದು, ಒಂದು ದಿನ ಬಾಯ್ಲರ್ ಹಚ್ಚದೆ ಉರುವಲಿನ ಚಿಪ್ಪು ಉಳಿಸಿದ್ದು, ಪುಣೆಗೆ ಹೊಸ ದಿನಾಂಕ ಕೊಟ್ಟದ್ದು. ‘ಆಗಲ್ಲ’ ಅಂತ ಮೊದಲೇ ಹೇಳುವುದೂ ನಂಬಿಕೆಯೇ. ಆ ಮಾತನ್ನು ಸಭೆಯಲ್ಲಿ ಹೇಳಿದರೆ ಉಳಿದವರಿಗೂ ಮುಂಚೆ ಫೋನ್ ಮಾಡಲು ಧೈರ್ಯ ಬರುತ್ತದೆ, ಬುದ್ಧಿವಾದ ಹೇಳುವ ಅಗತ್ಯವೇ ಇರುವುದಿಲ್ಲ.

ಹಾಗಂತ ತುರುವೇಕೆರೆಯವರ ತಡವನ್ನು ಸೂಚ್ಯವಾಗಿಯೂ ಎತ್ತುವ ಹಾಗಿಲ್ಲ. ಧನ್ಯವಾದದ ಸಭೆ ಪಂಚಾಯ್ತಿ ಕಟ್ಟೆಯಲ್ಲ. ಆ ರಾತ್ರಿ ಬಂದದ್ದು ನಿಜ, ಆ ರಾತ್ರಿಗೆ ಮಾತ್ರ ಧನ್ಯವಾದ. ‘ಯಾವತ್ತೂ ಕೈಬಿಡದವರು’ ಅಂತ ಅವರಿಗೆ ಅಂದಿದ್ದರೆ ಹುಳಿಯಾರಿನವರು ಮನಸ್ಸಿನಲ್ಲೇ ನಗುತ್ತಿದ್ದರು.

ಉಳಿದದ್ದು ಹೆಸರುಗಳ ಕ್ರಮ. ಯಾರನ್ನು ಮೊದಲು ಕರೆದರೂ ಎರಡನೆಯವರ ಮುಖ ಸಣ್ಣದಾಗುತ್ತದೆ. ಅದಕ್ಕೆ ಮಾಲು ಹೋಗುವ ದಾರಿಯನ್ನೇ ಕ್ರಮ ಮಾಡಿಕೊಂಡೆ. ಕಾಯಿ ಮೊದಲು ಬರುತ್ತದೆ, ಲಾರಿ ಕೊನೆಗೆ ಹೋಗುತ್ತದೆ, ಅದಕ್ಕೆ ಯಾರೂ ತಕರಾರು ಮಾಡಲಾರರು. ಓದಲು ಮೂರು ನಿಮಿಷ ದಾಟದಂತೆ, ಮಾಲೀಕರು ಆಡುವ ಮಾತಿನಲ್ಲೇ ಬರೆದೆ. ವೇದಿಕೆಯ ಮೇಲೆ ಅವರ ಬಾಯಲ್ಲಿ ‘ಅವಿಸ್ಮರಣೀಯ’ ತೊಡರುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಕೊನೆಗೆ ಓದಿದ ಪಠ್ಯ ಇದು, ಹೆಸರಿದ್ದ ಕಡೆ ಊರು ಇಟ್ಟಿದ್ದೇನೆ.

‘ಎಲ್ಲರಿಗೂ ನಮಸ್ಕಾರ. ಎಲೆ ಹಾಕೋಕೆ ಮುಂಚೆ ಮೂರೇ ನಿಮಿಷ ತಗೋತೀನಿ.

ಈ ವರ್ಷ ಕಾಯಿ ಹೆಂಗಿತ್ತು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ, ನನಗೆ ಹೇಳಿದೋರೇ ನೀವು. ಎಳನೀರಿಗೆ ಒಂದಷ್ಟು ಹೋಯ್ತು, ಅಟ್ಟಕ್ಕೆ ಒಂದಷ್ಟು ಹೋಯ್ತು, ಉಳಿದಿದ್ದಕ್ಕೆ ನಾವೆಲ್ಲ ಮುಗಿಬಿದ್ವಿ. ಆದ್ರೂ ಶ್ರಾವಣದಿಂದ ದೀಪಾವಳಿವರೆಗೆ ನಮ್ಮ ಪುಡಿ ಹೋಗಬೇಕಾದ ಕಡೆಗೆಲ್ಲ ಹೋಯ್ತು. ಅದು ಹೆಂಗಾಯ್ತು ಅಂತ ಗೇಟ್ ಪುಸ್ತಕ ತೆಗೆದು ನೋಡಿ ಬಂದಿದೀನಿ. ಮಾಲು ಒಳಗೆ ಬಂದು ಹೊರಗೆ ಹೋಗೋ ಕ್ರಮದಲ್ಲೇ ಹೇಳ್ತೀನಿ.

ಹುಳಿಯಾರಿನ ಅಣ್ಣಾವ್ರು ಹೇಳಿದ ದಿನ ಬಂದ್ರು. ಪೂರ್ತಿ ಲೋಡು ಆಗದ ವಾರ ಮೂರು ದಿನ ಮುಂಚೆ ಹೇಳಿದ್ರು. ಆಗ ನನಗೆ ಬೇಜಾರಾಗಿತ್ತು, ಈಗ ಹೇಳ್ತೀನಿ, ಆ ಸಂದೇಶದಿಂದ ನಮಗೆ ಅನುಕೂಲವೇ ಆಯ್ತು. ತುರುವೇಕೆರೆಯ ಅಣ್ಣಾವ್ರು ಶ್ರಾವಣದ ಆ ಮಳೆ ರಾತ್ರಿ ಲಾರಿ ಕ್ಯಾಬಿನ್ನಲ್ಲಿ ತಾವೇ ಕೂತು ಬಂದ್ರು. ಮಾರನೇ ದಿನ ಪುಣೆಗೆ ಮಾಲು ಹೋಗಿದ್ದು ಆ ಕಾಯಿಂದ.

ಬಂದ ಕಾಯಿ ಚಿಪ್ಪು ಬಿಡಿಸದೆ ಪುಡಿ ಆಗಲ್ಲ. ಮೇಸ್ತ್ರಿಗಳು ಇಬ್ಬರೂ ಇಲ್ಲಿದ್ದಾರೆ. ಅರ್ಧ ಲೋಡು ಬಂದ ದಿನ ಅರ್ಧ ಜನಾನ ಕಳಿಸಿ, ಡಬಲ್ ಬಂದ ದಿನ ಬೆಳಗಿನ ಜಾವ ನಾಲ್ಕಕ್ಕೇ ಕೆಲಸ ಶುರು ಮಾಡ್ಸಿದ್ರು. ಮಚ್ಚು ಹಿಡಿದು ಕೂತ ಹುಡುಗರು, ಸಿಪ್ಪೆ ಹೆರೆದ ಅಕ್ಕಂದಿರು ಎಲ್ಲರೂ ಇವತ್ತು ಎರಡನೇ ಪಂಕ್ತಿಗೆ ಬರ್ತಾರೆ, ಅವರಿಗೂ ಇದೇ ಮಾತು.

ಬಾಯ್ಲರ್ ಟ್ಯೂಬು ಸೋರಿದಾಗ ಗಣಪತಿ ಹಬ್ಬದ ದಿನ ಮಧ್ಯಾಹ್ನ ಬಂದ ನಮ್ಮ ಬಾಯ್ಲರ್ ಅಣ್ಣ ಹೋಳಿಗೆ ಊಟ ಬಿಟ್ಟು ಬಂದಿದ್ರು. ಇವತ್ತೂ ಹೋಳಿಗೆ ಮಾಡ್ಸಿದೀವಿ.

ಅಂತರಸನಹಳ್ಳಿಯ ಚೀಲದವರ ಬಗ್ಗೆ ಏನು ಹೇಳೋದು ಅಂತ ಯೋಚಿಸಿದೆ. ನೆನಪಿಗೆ ಒಂದು ಘಟನೆನೂ ಬರಲಿಲ್ಲ. ಪುಸ್ತಕ ನೋಡಿದ್ರೆ ಒಂದು ಸಲಾನೂ ತಡ ಇಲ್ಲ. ಘಟನೆ ಇಲ್ಲದಿರೋದಕ್ಕೇ ನಿಮಗೆ ನಮಸ್ಕಾರ.

ಕೆ.ಬಿ. ಕ್ರಾಸಿನ ಲಾರಿ ಅಣ್ಣಾವ್ರು ತಾಡಪಾಲು ಎರಡು ಪದರ ಹಾಕ್ಸಿ ಕಳಿಸಿದ್ರು. ಈ ಮಳೆಗಾಲದಲ್ಲಿ ಒಂದು ಚೀಲಾನೂ ತೇವ ಆಯ್ತು ಅಂತ ವಾಪಸ್ ಬರಲಿಲ್ಲ.

ಹೆಸರು ಹೇಳದೆ ಬಿಟ್ಟೋರು ಇದ್ದಾರೆ, ಪುಸ್ತಕದಲ್ಲಿ ಎಲ್ಲರ ಹೆಸರೂ ಇದೆ. ನಿಮ್ಮೆಲ್ಲರಿಗೂ ನಮ್ಮ ಮನೆಯವರೆಲ್ಲರ ಪರವಾಗಿ ಧನ್ಯವಾದ. ಈಗ ಊಟಕ್ಕೆ ಏಳಿ.’

ಚೀಲದವರ ಸಾಲಿನ ಬಗ್ಗೆ ಮಗನಿಗೆ ಅನುಮಾನವಿತ್ತು, ಘಟನೆ ನೆನಪಿಗೆ ಬರಲಿಲ್ಲ ಅಂದರೆ ಮರೆತೆವು ಅಂದಂತಲ್ಲವೇ ಅಂತ. ಇಡೀ ಭಾಷಣದಲ್ಲಿ ಅದೇ ಸರಿಯಾದ ಸಾಲು ಅನ್ನುವುದು ನನ್ನ ಲೆಕ್ಕ. ನಾಟಕ ಮಾಡಿದವರು ತಾವಾಗಿಯೇ ನೆನಪಿಗೆ ಬರುತ್ತಾರೆ. ಸದ್ದಿಲ್ಲದೆ ಮಾಲು ಇಳಿಸಿ ಹೋದವರನ್ನು ಪುಸ್ತಕ ನೋಡಿಯೇ ಹುಡುಕಬೇಕು. ಸಭೆಯಲ್ಲಿ ಚಪ್ಪಾಳೆ ಜೋರಾಗಿ ಬಿದ್ದದ್ದೂ ಅಲ್ಲೇ.

ಎಲ್ಲವೂ ಸಲೀಸಾಗಿ ಮುಗಿಯಲಿಲ್ಲ. ಗುಬ್ಬಿ ಕಡೆಯ ಒಬ್ಬ ವ್ಯಾಪಾರಿ ಎರಡೇ ಲೋಡು ಕೊಟ್ಟವರು, ಹೆಸರು ಬರಲಿಲ್ಲ ಅಂತ ಊಟ ಅರ್ಧಕ್ಕೆ ಬಿಟ್ಟು ಹೊರಟರು. ಪಠ್ಯದಲ್ಲಿ ಅದಕ್ಕೆ ಮದ್ದಿಲ್ಲ. ಎಲ್ಲರ ಹೆಸರು ಓದಿದರೆ ಅದು ಹಾಜರಿ ಪಟ್ಟಿಯಾಗುತ್ತದೆ, ಆಮೇಲೆ ಹುಳಿಯಾರಿನವರಿಗೆ ಹೇಳಿದ ಮಾತಿಗೂ ತೂಕ ಇರುವುದಿಲ್ಲ. ಮಾಲೀಕರು ಮಾರನೇ ದಿನ ಅವರ ಮನೆಗೇ ಹೋಗಿ ಬಂದರು. ಫಲತಾಂಬೂಲದಲ್ಲಿ ಕಾಯಿ ಇಡಬೇಡಿ, ಕಾಯಿ ವ್ಯಾಪಾರಿಗೆ ಕಾಯಿ ಕೊಡುವುದೇ ಅಂತ ನಾನು ತಮಾಷೆ ಮಾಡಿದ್ದಕ್ಕೆ ಬಾಳೆಹಣ್ಣು ಒಯ್ದರಂತೆ.

ಚೀಲದವರು ವಾರದ ನಂತರ ಫೋನ್ ಮಾಡಿದರು. ಹೊಸ ಮುದ್ರಣ ಯಂತ್ರಕ್ಕೆ ಸಾಲ ಕೇಳಿದ್ದಾರೆ, ಬ್ಯಾಂಕಿನವರಿಗೆ ತೋರಿಸಲು ಆ ದಿನ ಹೇಳಿದ್ದನ್ನು ಬರೆದುಕೊಡಿ ಅಂದರು. ಭಾಷಣದ ಆ ಸಾಲುಗಳನ್ನೇ ಕಳಿಸುವ ಹಾಗಿರಲಿಲ್ಲ. ಬ್ಯಾಂಕಿನವರು ನಮಸ್ಕಾರ ಓದುವುದಿಲ್ಲ, ಅಂಕಿ ಓದುತ್ತಾರೆ. ಹಾಗಾಗಿ ಸಭೆಯಲ್ಲಿ ಬಿಟ್ಟದ್ದೆಲ್ಲ ಪತ್ರದಲ್ಲಿ ಬಂತು. ಎಷ್ಟು ವರ್ಷದಿಂದ ಚೀಲ ಕೊಡುತ್ತಿದ್ದಾರೆ, ಆ ವರ್ಷ ಎಷ್ಟು ಸಾವಿರ ಚೀಲ, ಆರ್ಡರ್ ಕೊಟ್ಟ ದಿನ, ಮಾಲು ಬಂದ ದಿನ, ಬಿಲ್ಲಿನ ಮೊತ್ತ, ನಾವು ಹಣ ಕೊಟ್ಟ ದಿನ. 45 ದಿನ ದಾಟಿದ ಆ ಒಂದು ಬಿಲ್ಲಿನ ದಿನಾಂಕವನ್ನೂ ಇದ್ದ ಹಾಗೇ ಬರೆದೆ. ಮಾಲೀಕರು ಅದನ್ನು ಎರಡು ಸಲ ಓದಿ, ಏನೂ ಅನ್ನದೆ, ಲೆಟರ್‌ಹೆಡ್ಡಿನ ಮೇಲೆ ಸಹಿ ಮಾಡಿ ಸೀಲು ಹಾಕಿದರು.